ಅಂಕ ಸಮವಾದಾಗ ಯಾರ ಹೆಸರು ಮೊದಲು?

ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರು ಅಕಾರಾದಿಯಾಗಿ ಇರುತ್ತದೆ. ಕಿರುಪರೀಕ್ಷೆ ಮುಗಿದ ಮೇಲೆ ಅದೇ ಪಟ್ಟಿಗೆ ಅಂಕಗಳನ್ನು ತುಂಬಿ, ಹೆಚ್ಚು ಅಂಕ ಪಡೆದವರು ಮೇಲೆ ಬರುವಂತೆ ಕಂಪ್ಯೂಟರಿನಲ್ಲಿ ವಿಂಗಡಿಸುತ್ತಾರೆ. ಮೂವರಿಗೆ ಒಂದೇ ಅಂಕ ಬಂದಿದ್ದರೆ ಆ ಮೂವರಲ್ಲಿ ಯಾರ ಹೆಸರು ಮೊದಲು ಬರಬೇಕು? ಅಕಾರಾದಿಯಲ್ಲಿ ಮೊದಲಿದ್ದವರದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕಂಪ್ಯೂಟರಿಗೆ ನಾವು ಕೊಟ್ಟ ಆಜ್ಞೆಯಲ್ಲಿ ಹೆಸರಿನ ಮಾತೇ ಇಲ್ಲ, ಅಂಕ ನೋಡು ಎಂದಷ್ಟೇ ಇದೆ. ಹೀಗಿದ್ದೂ ಹಳೆಯ ಕ್ರಮ ಉಳಿಯುತ್ತದೆಯೇ ಇಲ್ಲವೇ ಎಂಬುದು ಯಂತ್ರ ಯಾವ ವಿಧಾನದಿಂದ ವಿಂಗಡಿಸುತ್ತದೆ ಎನ್ನುವುದರ ಮೇಲೆ ನಿಂತಿದೆ.

ಸಮಾನ ಬೆಲೆಯ ದಾಖಲೆಗಳನ್ನು ಅವು ಬಂದ ಕ್ರಮದಲ್ಲೇ ಉಳಿಸುವ ವಿಧಾನಕ್ಕೆ ಸ್ಥಿರ ವಿಂಗಡಣೆ ಎನ್ನುತ್ತಾರೆ. ಜಾನ್ ಫಾನ್ ನ್ಯೂಮನ್ 1945ರಲ್ಲಿ ರೂಪಿಸಿದ ಮರ್ಜ್ ಸಾರ್ಟ್ ಇಂಥ ಸ್ಥಿರ ವಿಧಾನ. ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಅದು ಯಾಕೆ ನಿಜ, ಯಾವ ಒಂದು ಅಕ್ಷರ ತಪ್ಪಿದರೆ ಸುಳ್ಳಾಗುತ್ತದೆ ಎಂಬುದನ್ನು ಎಂಟು ಮಕ್ಕಳ ಪಟ್ಟಿಯೊಂದನ್ನು ಹಿಡಿದು ನೋಡೋಣ.

ಪರೀಕ್ಷೆ 25 ಅಂಕಗಳದ್ದು. ಅಕಾರಾದಿಯಾಗಿ ಮಕ್ಕಳು ಹೀಗಿದ್ದಾರೆ: ಅನಿತಾ 18, ಈರಣ್ಣ 21, ಕಾವ್ಯ 18, ಗಿರೀಶ 24, ನಾಗರಾಜ 21, ಮಂಜುಳಾ 18, ರಮೇಶ 24, ಸುಮಾ 21.

ಮರ್ಜ್ ಸಾರ್ಟ್ ಪಟ್ಟಿಯನ್ನು ನಡುವೆ ಸೀಳುತ್ತದೆ, ಸೀಳಿದ್ದನ್ನು ಮತ್ತೆ ಸೀಳುತ್ತದೆ. ಒಬ್ಬೊಬ್ಬರೇ ಉಳಿಯುವ ತನಕ ಇದು ನಡೆಯುತ್ತದೆ. ಆಮೇಲೆ ಕೂಡಿಸುತ್ತ ಬರುತ್ತದೆ. ನಿಜವಾದ ಕೆಲಸವೆಲ್ಲ ಈ ಕೂಡಿಸುವಿಕೆಯಲ್ಲೇ ಇದೆ. ಎಡಗಡೆ ಒಂದು ವಿಂಗಡಿಸಿದ ಪಟ್ಟಿ, ಬಲಗಡೆ ಇನ್ನೊಂದು. ಎರಡರ ತುದಿಯಲ್ಲಿರುವ ಹೆಸರುಗಳನ್ನು ಮಾತ್ರ ಹೋಲಿಸಿ, ಹೆಚ್ಚು ಅಂಕದವರನ್ನು ತೆಗೆದು ಹೊಸ ಪಟ್ಟಿಯ ಕೊನೆಗೆ ಸೇರಿಸುವುದು. ಅಂಕ ಸಮವಾದರೆ ಎಡಗಡೆಯವರನ್ನು ತೆಗೆಯುವುದು. ಈ ಕೊನೆಯ ನಿಯಮವನ್ನು ನೆನಪಿಡಿ.

ಮೊದಲ ಸುತ್ತಿನಲ್ಲಿ ಇಬ್ಬಿಬ್ಬರ ನಾಲ್ಕು ಜೋಡಿಗಳು ಬರುತ್ತವೆ: ಈರಣ್ಣ–ಅನಿತಾ, ಗಿರೀಶ–ಕಾವ್ಯ, ನಾಗರಾಜ–ಮಂಜುಳಾ, ರಮೇಶ–ಸುಮಾ. ಇಲ್ಲಿ ಎಲ್ಲೂ ಸಮ ಅಂಕ ಎದುರಾಗುವುದಿಲ್ಲ.

ಎರಡನೇ ಸುತ್ತಿನಲ್ಲಿ ಮೊದಲ ಎರಡು ಜೋಡಿ ಕೂಡುತ್ತವೆ. ಈರಣ್ಣನ 21ಕ್ಕಿಂತ ಗಿರೀಶನ 24 ಹೆಚ್ಚು, ಗಿರೀಶ ಹೊರಬರುತ್ತಾನೆ. ಮುಂದೆ ಈರಣ್ಣನ 21, ಕಾವ್ಯಳ 18, ಈರಣ್ಣ ಬರುತ್ತಾನೆ. ಈಗ ಎಡ ತುದಿಯಲ್ಲಿ ಅನಿತಾ, ಬಲ ತುದಿಯಲ್ಲಿ ಕಾವ್ಯ, ಇಬ್ಬರಿಗೂ 18. ನಿಯಮದಂತೆ ಎಡಗಡೆಯ ಅನಿತಾ ಮೊದಲು ಬರುತ್ತಾಳೆ, ಕಾವ್ಯ ನಂತರ. ಇನ್ನೊಂದು ಕಡೆಯ ಎರಡು ಜೋಡಿಗಳು ಕೂಡುವಾಗ ನಾಗರಾಜ ಮತ್ತು ಸುಮಾ 21ರಲ್ಲಿ ಎದುರಾಗುತ್ತಾರೆ. ಅಲ್ಲಿಯೂ ಎಡಗಡೆಯ ನಾಗರಾಜನೇ ಮೊದಲು. ಈಗ ಕೈಯಲ್ಲಿ ಎರಡು ಪಟ್ಟಿಗಳಿವೆ. ಎಡದ್ದು ಗಿರೀಶ, ಈರಣ್ಣ, ಅನಿತಾ, ಕಾವ್ಯ. ಬಲದ್ದು ರಮೇಶ, ನಾಗರಾಜ, ಸುಮಾ, ಮಂಜುಳಾ.

ಮೂರನೇ ಸುತ್ತಿನಲ್ಲಿ ಈ ಎರಡೂ ಕೂಡಿ ಪೂರ್ಣ ಪಟ್ಟಿ ಸಿಗುತ್ತದೆ: 24ರಲ್ಲಿ ಗಿರೀಶ, ರಮೇಶ; 21ರಲ್ಲಿ ಈರಣ್ಣ, ನಾಗರಾಜ, ಸುಮಾ; 18ರಲ್ಲಿ ಅನಿತಾ, ಕಾವ್ಯ, ಮಂಜುಳಾ. ಪ್ರತಿ ಗುಂಪಿನೊಳಗೂ ಅಕಾರಾದಿ ಕ್ರಮ ಹಾಗೇ ಇದೆ. ಇಡೀ ಕೆಲಸದಲ್ಲಿ ಒಮ್ಮೆಯೂ ಹೆಸರನ್ನು ನೋಡಿಲ್ಲ.

ಎಂಟು ಮಕ್ಕಳಲ್ಲಿ ಸರಿ ಬಂದದ್ದು ಎಂಟು ಸಾವಿರದಲ್ಲೂ ಬರುತ್ತದೆಂದು ಹೇಗೆ ನಂಬುವುದು? ಉದಾಹರಣೆ ಎಷ್ಟು ಕೊಟ್ಟರೂ ಅದು ಪುರಾವೆಯಲ್ಲ. ಪುರಾವೆ ಬೇರೆಯೇ ಇದೆ, ಅದು ಕಷ್ಟದ್ದೂ ಅಲ್ಲ. ಸಮ ಅಂಕದ ಯಾರಾದರೂ ಇಬ್ಬರನ್ನು ತೆಗೆದುಕೊಳ್ಳಿ. ಮೂಲ ಪಟ್ಟಿಯಲ್ಲಿ ಮೊದಲಿದ್ದವರನ್ನು ಹಿರಿಯರೆಂದೂ ನಂತರದವರನ್ನು ಕಿರಿಯರೆಂದೂ ಕರೆಯೋಣ. ಪಟ್ಟಿಯನ್ನು ನಡುವೆ ಸೀಳುವಾಗ ಕ್ರಮ ಕದಲುವುದಿಲ್ಲ. ಹಾಗಾಗಿ ಯಾವುದೇ ಹಂತದಲ್ಲಿ ಇಬ್ಬರೂ ಒಂದೇ ಪಟ್ಟಿಯಲ್ಲಿರುತ್ತಾರೆ, ಇಲ್ಲವೇ ಹಿರಿಯರು ಎಡದಲ್ಲಿ, ಕಿರಿಯರು ಬಲದಲ್ಲಿ ಇರುತ್ತಾರೆ. ಹಿರಿಯರು ಬಲಕ್ಕೆ, ಕಿರಿಯರು ಎಡಕ್ಕೆ ಹೋಗುವ ಸಾಧ್ಯತೆಯೇ ಇಲ್ಲ.

ಒಂದೇ ಪಟ್ಟಿಯಲ್ಲಿದ್ದರೆ ಚಿಂತೆಯಿಲ್ಲ. ಕೂಡಿಸುವಾಗ ತುದಿಯವರನ್ನು ಮಾತ್ರ ತೆಗೆಯುವುದರಿಂದ, ಹಿಂದಿರುವವರು ಮುಂದಿರುವವರನ್ನು ದಾಟಿ ಬರಲಾರರು. ಬೇರೆ ಬೇರೆ ಪಟ್ಟಿಯಲ್ಲಿದ್ದರೆ ಹೀಗೆ ಯೋಚಿಸಿ. ಕಿರಿಯರು ಬಲ ತುದಿಗೆ ಬಂದು ನಿಂತಿದ್ದಾರೆ, ಹಿರಿಯರು ಇನ್ನೂ ಎಡ ಪಟ್ಟಿಯಲ್ಲೇ ಇದ್ದಾರೆ. ಎಡ ಪಟ್ಟಿ ಆಗಲೇ ವಿಂಗಡಣೆಯಾಗಿದೆ, ಆದ್ದರಿಂದ ಅದರ ತುದಿಯಲ್ಲಿರುವವರ ಅಂಕ ಹಿರಿಯರ ಅಂಕಕ್ಕೆ ಸಮ ಅಥವಾ ಅದಕ್ಕಿಂತ ಹೆಚ್ಚು. ಅಂದರೆ ಕಿರಿಯರ ಅಂಕಕ್ಕೂ ಸಮ ಅಥವಾ ಹೆಚ್ಚು. ಹೆಚ್ಚಾದರೆ ಎಡದವರು ಹೊರಬರುತ್ತಾರೆ, ಸಮವಾದರೂ ನಿಯಮದಂತೆ ಎಡದವರೇ. ಹಿರಿಯರು ಹೊರಬರುವ ತನಕ ಕಿರಿಯರಿಗೆ ಸರದಿಯೇ ಬರುವುದಿಲ್ಲ. ಪ್ರತಿ ಸುತ್ತಿಗೂ ಇದೇ ವಾದ ಸಲ್ಲುವುದರಿಂದ ಪಟ್ಟಿ ಎಷ್ಟೇ ಉದ್ದವಿದ್ದರೂ ಕ್ರಮ ಕೆಡುವುದಿಲ್ಲ. ಸಾವಿರ ಹೆಸರಿಗೆ ಇಂಥ ಹತ್ತು ಸುತ್ತು, ಒಂದು ಲಕ್ಷಕ್ಕೆ ಹದಿನೇಳು ಸುತ್ತು.

ಈ ವಾದವೆಲ್ಲ ಒಂದೇ ಒಂದು ಕಡೆ ನೇತಾಡುತ್ತಿದೆ: ಸಮವಾದಾಗ ಎಡದವರು ಎಂಬ ನಿಯಮ. ಪೈಥಾನ್ ಭಾಷೆಯಲ್ಲಿ ಕೂಡಿಸುವ ಭಾಗ ಹೀಗಿರುತ್ತದೆ:

```python
def merge(left, right):
    out, i, j = [], 0, 0
    while i < len(left) and j < len(right):
        if left[i].marks >= right[j].marks:
            out.append(left[i]); i += 1
        else:
            out.append(right[j]); j += 1
    return out + left[i:] + right[j:]
```

ಇಲ್ಲಿ `>=` ಇರುವ ಜಾಗದಲ್ಲಿ `>` ಎಂದು ಬರೆದರೆ ಸಮ ಅಂಕ ಬಂದಾಗಲೆಲ್ಲ ಬಲಗಡೆಯವರು ಮೊದಲು ಹೊರಡುತ್ತಾರೆ. ನಮ್ಮ ಎಂಟು ಮಕ್ಕಳ ಪಟ್ಟಿ ಆಗ ಹೀಗಾಗುತ್ತದೆ: ರಮೇಶ, ಗಿರೀಶ, ಸುಮಾ, ನಾಗರಾಜ, ಈರಣ್ಣ, ಮಂಜುಳಾ, ಕಾವ್ಯ, ಅನಿತಾ. ಪ್ರತಿ ಗುಂಪೂ ಸಂಪೂರ್ಣ ತಲೆಕೆಳಗು. ಈ ದೋಷದ ಕೆಟ್ಟ ಗುಣವೆಂದರೆ ಅಂಕಗಳು ಮಾತ್ರ ಸರಿಯಾಗಿ ಇಳಿಯುತ್ತಲೇ ಇರುತ್ತವೆ. ಅಂಕದ ಕಾಲಂ ನೋಡಿದವರಿಗೆ ಎಲ್ಲವೂ ಸರಿಯಿದೆ ಎನಿಸುತ್ತದೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ವಿಂಗಡಿಸುವ ಮೊದಲು ಪ್ರತಿ ದಾಖಲೆಗೂ 1, 2, 3 ಎಂದು ಕ್ರಮಸಂಖ್ಯೆ ಹಚ್ಚಿ. ವಿಂಗಡಿಸಿದ ಮೇಲೆ ಸಮ ಅಂಕದ ಪ್ರತಿ ಗುಂಪಿನಲ್ಲೂ ಆ ಸಂಖ್ಯೆಗಳು ಏರುತ್ತಲೇ ಹೋಗಬೇಕು. ಒಂದು ಕಡೆ ಇಳಿದರೂ ವಿಧಾನ ಸ್ಥಿರವಲ್ಲ. ಎಲ್ಲರಿಗೂ ಒಂದೇ ಅಂಕ ಕೊಟ್ಟು ನೋಡುವುದು ಇನ್ನೂ ಸುಲಭದ ಪರೀಕ್ಷೆ. ಆಗ ಪಟ್ಟಿ ಒಂದಿಷ್ಟೂ ಬದಲಾಗದೆ ಹೊರಬರಬೇಕು.

ಆದರೆ ಚಿಕ್ಕ ಪಟ್ಟಿಯಲ್ಲಿ ಪರೀಕ್ಷಿಸಿ ಸುಮ್ಮನಾಗಬಾರದು. ಕ್ರೋಮ್ ಬ್ರೌಸರಿನೊಳಗೆ ಜಾವಾಸ್ಕ್ರಿಪ್ಟ್ ನಡೆಸುವ ವಿ8 ತಂತ್ರಾಂಶದ ಕಥೆ ಇದಕ್ಕೆ ಸಾಕ್ಷಿ. ಅದು ಹಿಂದೆ ಹತ್ತು ಅಥವಾ ಅದಕ್ಕಿಂತ ಕಡಿಮೆ ಅಂಶಗಳಿದ್ದರೆ ಸ್ಥಿರವಾದ ಇನ್ಸರ್ಷನ್ ಸಾರ್ಟ್ ಬಳಸುತ್ತಿತ್ತು, ಹತ್ತು ದಾಟಿದರೆ ಸ್ಥಿರವಲ್ಲದ ಕ್ವಿಕ್ ಸಾರ್ಟಿಗೆ ಹೊರಳುತ್ತಿತ್ತು. ಹತ್ತು ಸಾಲಿನ ಮಾದರಿಯಲ್ಲಿ ಪರೀಕ್ಷಿಸಿದ ಪ್ರೋಗ್ರಾಂ ಸರಿಯಾಗಿ ನಡೆದು, ಹನ್ನೊಂದನೆಯ ಸಾಲು ಸೇರಿದ ಮೇಲೆ ಕ್ರಮ ಕೆಡಬಹುದಿತ್ತು. 2018ರಲ್ಲಿ ಕ್ರೋಮ್ 70ರೊಂದಿಗೆ ವಿ8 ಟಿಮ್‌ಸಾರ್ಟ್‌ಗೆ ಬದಲಾಯಿತು. ಮರುವರ್ಷದ ಭಾಷಾ ಮಾನದಂಡವು ಸ್ಥಿರತೆಯನ್ನು ಕಡ್ಡಾಯ ಮಾಡಿತು. ಈ ಟಿಮ್‌ಸಾರ್ಟ್ ಎಂಬುದು ಟಿಮ್ ಪೀಟರ್ಸ್ 2002ರಲ್ಲಿ ಪೈಥಾನಿಗಾಗಿ ಬರೆದ, ಮರ್ಜ್ ಸಾರ್ಟನ್ನೇ ಆಧರಿಸಿದ ವಿಧಾನ.

ಕ್ವಿಕ್ ಸಾರ್ಟ್ ಏಕೆ ಸ್ಥಿರವಲ್ಲ ಎಂದರೆ ಅದು ದೂರದ ಎರಡು ದಾಖಲೆಗಳನ್ನು ಅದಲುಬದಲು ಮಾಡುತ್ತದೆ. ಹಾಗೆ ಜಿಗಿಯುವ ದಾಖಲೆ ದಾರಿಯಲ್ಲಿರುವ ಸಮ ಅಂಕದವರನ್ನು ಹಾರಿಕೊಂಡು ಹೋಗಿಬಿಡುತ್ತದೆ. ಅದರ ಲಾಭವೆಂದರೆ ಹೆಚ್ಚುವರಿ ಜಾಗ ಅಷ್ಟಾಗಿ ಬೇಡ. ಮರ್ಜ್ ಸಾರ್ಟಿಗೆ ಸಾಮಾನ್ಯವಾಗಿ ಪಟ್ಟಿಯಷ್ಟೇ ದೊಡ್ಡ ಇನ್ನೊಂದು ಜಾಗ ಬೇಕು. ಸ್ಥಿರತೆಗೆ ಕೊಡುವ ಬೆಲೆ ಅದು, ಮತ್ತು ದಾಖಲೆಗಳ ಕೆಲಸದಲ್ಲಿ ಕೊಡಬೇಕಾದ ಬೆಲೆ ಎಂದೇ ನನ್ನ ಅಭಿಪ್ರಾಯ.

ಎರಡು ಆಧಾರಗಳ ಮೇಲೆ ಒಂದಾದ ಮೇಲೊಂದರಂತೆ ವಿಂಗಡಿಸುವಾಗ ಯಾವುದು ಮೊದಲು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಅಂಕ ಮುಖ್ಯ, ಹೆಸರು ಆಮೇಲಿನದು ಎಂದಾದರೆ ಮೊದಲು ವಿಂಗಡಿಸಬೇಕಾದದ್ದು ಹೆಸರಿನ ಮೇಲೆ, ಕೊನೆಗೆ ಅಂಕದ ಮೇಲೆ. ಕೊನೆಯ ವಿಂಗಡಣೆಯೇ ಇಡೀ ಪಟ್ಟಿಯನ್ನು ಆಳುತ್ತದೆ. ಹಿಂದಿನದು ಸಮ ಅಂಕದವರ ನಡುವೆ ಮಾತ್ರ ಉಳಿಯುತ್ತದೆ. ತಿರುಗಿಸಿ ಮಾಡಿದರೆ ಹೆಸರಿನ ಪಟ್ಟಿಯೇ ಮತ್ತೆ ಕೈಗೆ ಬರುತ್ತದೆ, ಅಂಕದ ಕ್ರಮ ಒಂದೇ ಹೆಸರಿನ ಇಬ್ಬರಿದ್ದರೆ ಅವರ ನಡುವೆ ಮಾತ್ರ ಕಾಣುತ್ತದೆ. ಕಂಪ್ಯೂಟರಿಗೂ ಮುಂಚೆ ರಂಧ್ರ ಕೊರೆದ ಕಾರ್ಡುಗಳನ್ನು ಯಂತ್ರಕ್ಕೆ ಹಾಕಿ ವಿಂಗಡಿಸುತ್ತಿದ್ದವರು ಇದೇ ಕ್ರಮ ಪಾಲಿಸುತ್ತಿದ್ದರು: ಸಂಖ್ಯೆಯ ಬಿಡಿಸ್ಥಾನದಿಂದ ಹೊರಟು, ಹತ್ತು, ನೂರರ ಸ್ಥಾನಕ್ಕೆ ಬರುವುದು.

ಇನ್ನೊಂದು ಗುಂಡಿ ಇದೆ. ಕಡಿಮೆಯಿಂದ ಹೆಚ್ಚಿಗೆ ಸ್ಥಿರವಾಗಿ ವಿಂಗಡಿಸಿ, ಆಮೇಲೆ ಇಡೀ ಪಟ್ಟಿಯನ್ನು ಮಗುಚಿದರೆ ಹೆಚ್ಚಿನ ಅಂಕ ಮೇಲೆ ಬರುತ್ತದೆ ನಿಜ, ಆದರೆ ಸಮ ಅಂಕದವರ ಕ್ರಮವೂ ಮಗುಚಿಕೊಳ್ಳುತ್ತದೆ. ವಿಧಾನ ಸ್ಥಿರವಾಗಿಯೇ ಇತ್ತು, ಕೆಡಿಸಿದ್ದು ನಂತರದ ಆ ಒಂದು ಹೆಜ್ಜೆ. ಪೈಥಾನಿನಲ್ಲಿ `sort` ಆಜ್ಞೆಗೇ `reverse=True` ಎಂದು ಕೊಟ್ಟರೆ ಸಮ ದಾಖಲೆಗಳ ಮೂಲ ಕ್ರಮ ಉಳಿಯುತ್ತದೆ. ವಿಂಗಡಿಸಿದ ಮೇಲೆ ಬೇರೆಯಾಗಿ ಮಗುಚಿದರೆ ಉಳಿಯುವುದಿಲ್ಲ.

ಪ್ರೋಗ್ರಾಂ ಬರೆಯುವ ಓದುಗರು ತಮ್ಮ ಭಾಷೆ ಏನು ಮಾತು ಕೊಟ್ಟಿದೆ ಎಂದು ಒಮ್ಮೆ ನೋಡಿಕೊಳ್ಳಬೇಕು. ಪೈಥಾನಿನ `sort` ಸ್ಥಿರ. ಜಾವಾದಲ್ಲಿ ದಾಖಲೆಗಳ ಪಟ್ಟಿಗೆ ಬಳಸುವ `Collections.sort` ಸ್ಥಿರ. ಸಿ ಭಾಷೆಯ `qsort` ಅಂಥ ಭರವಸೆ ಕೊಡುವುದಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ `std::sort` ಕೂಡ ಕೊಡುವುದಿಲ್ಲ. ಅಲ್ಲಿ ಹಳೆಯ ಕ್ರಮ ಉಳಿಯಬೇಕಾದರೆ `std::stable_sort` ಎಂದೇ ಕರೆಯಬೇಕು.