ಸಾಲದ ಅರ್ಜಿ ತಿರಸ್ಕೃತವಾಯಿತೇ? ಮುಂದಿನ ಆರು ತಿಂಗಳು ಹೀಗಿರಲಿ

ಬ್ಯಾಂಕು ಸಾಲ ಕೊಡುವುದಿಲ್ಲ ಎಂದ ಮರುದಿನವೇ ಬಹಳಷ್ಟು ಜನ ಮತ್ತೊಂದು ಬ್ಯಾಂಕಿನ ಬಾಗಿಲು ತಟ್ಟುತ್ತಾರೆ. ಅಲ್ಲೂ ಆಗದಿದ್ದರೆ ಮೊಬೈಲ್ ಆ್ಯಪ್ ಹುಡುಕುತ್ತಾರೆ. ಇದು ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸುತ್ತದೆ. ಅರ್ಜಿ ಹಾಕಿದಾಗಲೆಲ್ಲ ಬ್ಯಾಂಕು ನಿಮ್ಮ ಕ್ರೆಡಿಟ್ ವರದಿ ತರಿಸಿ ನೋಡುತ್ತದೆ. ಹಾಗೆ ನೋಡಿದ್ದೂ ಆ ವರದಿಯಲ್ಲಿ ದಾಖಲಾಗುತ್ತದೆ. ಸ್ವಲ್ಪವೇ ದಿನಗಳಲ್ಲಿ ನಾಲ್ಕೈದು ಕಡೆ ವಿಚಾರಣೆ ಕಂಡರೆ, ಈ ವ್ಯಕ್ತಿಗೆ ಹಣದ ಅಡಚಣೆ ಹೆಚ್ಚಿದೆ ಎಂದು ಮುಂದಿನ ಬ್ಯಾಂಕು ಲೆಕ್ಕ ಹಾಕುತ್ತದೆ.

ಮೊದಲು ಆಗಬೇಕಾದ ಕೆಲಸ ಕಾರಣ ತಿಳಿಯುವುದು. ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿದೆ. "ಸಿಬಿಲ್ ಸರಿ ಇಲ್ಲ" ಎಂಬ ಬಾಯಿಮಾತಿಗೆ ಸುಮ್ಮನಾಗದೆ ಪತ್ರ ಅಥವಾ ಇಮೇಲ್ ಕೇಳಿ ಪಡೆಯಿರಿ. ಆಸ್ತಿಯ ಖಾತೆಯಲ್ಲೋ ಪತ್ರಗಳಲ್ಲೋ ತೊಡಕಿದ್ದರೆ ಸ್ಕೋರ್ ಎಷ್ಟು ಏರಿಸಿಕೊಂಡರೂ ಪ್ರಯೋಜನವಿಲ್ಲ. ಅದರ ದಾರಿಯೇ ಬೇರೆ.

ಉಳಿದಂತೆ ಹೆಚ್ಚಾಗಿ ಅಡ್ಡ ಬರುವುದು ಎರಡು: ಈಗಾಗಲೇ ಕಟ್ಟುತ್ತಿರುವ ಕಂತುಗಳ ಭಾರ, ಮತ್ತು ಹಳೆಯ ಸಾಲದ ಕಲೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ತುಮಕೂರಿನ ಖಾಸಗಿ ಉದ್ಯೋಗಿಯೊಬ್ಬರ ಕೈಗೆ ಬರುವ ಸಂಬಳ 45,000 ರೂಪಾಯಿ ಎನ್ನಿ. ಬೈಕಿನ ಕಂತು 4,500, ಪರ್ಸನಲ್ ಲೋನಿನ ಕಂತು 9,000. ಮನೆಗಾಗಿ ಅವರು ಕೇಳಿದ್ದು 25 ಲಕ್ಷ. ಶೇ. 8.5 ಬಡ್ಡಿಯಲ್ಲಿ 20 ವರ್ಷಕ್ಕೆ ಅದರ ಕಂತು ಸುಮಾರು 21,700. ಎಲ್ಲ ಸೇರಿದರೆ ತಿಂಗಳಿಗೆ 35,200 ಆಗುತ್ತದೆ, ಅಂದರೆ ಸಂಬಳದ ಮುಕ್ಕಾಲಿಗೂ ಹೆಚ್ಚು. ಈ ಮಟ್ಟದ ಆದಾಯದವರಿಗೆ ಎಲ್ಲ ಕಂತುಗಳೂ ಸಂಬಳದ ಅರ್ಧದ ಆಸುಪಾಸಿನಲ್ಲಿರಬೇಕು ಎಂಬುದು ಅನೇಕ ಬ್ಯಾಂಕುಗಳ ಲೆಕ್ಕಾಚಾರ. ಅರ್ಧ ಎಂದರೆ 22,500. ಹಳೆಯ ಕಂತು ಕಳೆದರೆ ಉಳಿಯುವುದು 9,000. ಅದಕ್ಕೆ ಸಿಗುವುದು ಹತ್ತು ಲಕ್ಷದಷ್ಟು ಸಾಲ ಮಾತ್ರ.

ಈಗ ಆ ಎರಡೂ ಸಾಲ ಇನ್ನು ಆರು ತಿಂಗಳೊಳಗೆ ಮುಗಿಯುವಂತಿವೆ ಎಂದುಕೊಳ್ಳಿ. ಸಂಬಳ ಒಂದು ರೂಪಾಯಿ ಏರದಿದ್ದರೂ ಅದೇ 25 ಲಕ್ಷದ ಕಂತು ಮಿತಿಯೊಳಗೆ ಬರುತ್ತದೆ. ಇಲ್ಲಿ ಕಾಯುವುದೇ ಮದ್ದು. ಆದರೆ ಆ ಆರು ತಿಂಗಳಲ್ಲಿ ಕಂತಿನ ಮೇಲೆ ಫೋನು, ಟಿವಿ ಕೊಳ್ಳಬಾರದು, ಯಾರ ಸಾಲಕ್ಕೂ ಜಾಮೀನು ನಿಲ್ಲಬಾರದು. ಜಾಮೀನು ನಿಂತ ಸಾಲವೂ ನಿಮ್ಮ ವರದಿಯಲ್ಲಿ ಕಾಣುತ್ತದೆ.

ಎರಡನೆಯದು ಹಳೆಯ ಕಲೆ. ಇದೇ ಉದ್ಯೋಗಿ ಕೆಲವು ವರ್ಷಗಳ ಹಿಂದೆ 38,000 ರೂಪಾಯಿಯ ಕ್ರೆಡಿಟ್ ಕಾರ್ಡ್ ಬಾಕಿಯನ್ನು 20,000ಕ್ಕೆ ರಾಜಿ ಮಾಡಿಕೊಂಡಿದ್ದರು. ತೀರಿತು ಎಂದು ಅವರು ನೆಮ್ಮದಿಯಾಗಿದ್ದರೂ ವರದಿಯಲ್ಲಿ ಆ ಖಾತೆ 'ಕ್ಲೋಸ್ಡ್' ಆಗದೆ 'ಸೆಟ್ಲ್ಡ್' ಎಂದೇ ಉಳಿದಿದೆ. ಕೊಟ್ಟ ಹಣ ಪೂರ್ತಿ ವಾಪಸಾಗಲಿಲ್ಲ ಎಂದು ಹೊಸ ಬ್ಯಾಂಕು ಅದನ್ನು ಓದಿಕೊಳ್ಳುತ್ತದೆ. ಉಳಿದ 18,000 ಕಟ್ಟಿದರೆ ಖಾತೆಯನ್ನು 'ಕ್ಲೋಸ್ಡ್' ಎಂದು ವರದಿ ಮಾಡುತ್ತೀರಾ ಎಂದು ಮೊದಲು ಬರವಣಿಗೆಯಲ್ಲಿ ಕೇಳಬೇಕು. ಒಪ್ಪಿದ ಮೇಲೆ ಹಣ ಕಟ್ಟಿ, ನೋ ಡ್ಯೂ ಸರ್ಟಿಫಿಕೇಟ್ ಪಡೆದು ಜೋಪಾನವಾಗಿಡಬೇಕು. ತಡವಾಗಿ ಕಟ್ಟಿದ ತಿಂಗಳುಗಳ ಗುರುತು ಇದರಿಂದ ತಕ್ಷಣ ಅಳಿಯುವುದಿಲ್ಲ. ನಂತರದ ಕಂತುಗಳನ್ನು ತಪ್ಪದೆ ಕಟ್ಟುತ್ತ ಹೋದಂತೆ ಅದರ ಭಾರ ಇಳಿಯುತ್ತದೆ.

ಹಾಗಾಗಿ ಮೊದಲ ತಿಂಗಳಲ್ಲೇ ವರದಿ ತರಿಸಿ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ನೀವು ಮಾಡದ ಸಾಲ, ತೀರಿದ್ದರೂ ಬಾಕಿ ತೋರಿಸುವ ಖಾತೆ ಕಂಡರೆ ಅಲ್ಲೇ ಆನ್‌ಲೈನ್ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಎರಡರಿಂದ ಐದನೇ ತಿಂಗಳವರೆಗೆ ಶಿಸ್ತು ಮುಖ್ಯ. ಕಂತಿನ ದಿನಕ್ಕೆ ಮೊದಲೇ ಖಾತೆಯಲ್ಲಿ ಹಣವಿರಲಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಂತು ಬೌನ್ಸ್ ಆದದ್ದು ಕಂಡರೆ ಸಾಲದ ಅಧಿಕಾರಿ ಅಲ್ಲೇ ನಿಲ್ಲುತ್ತಾರೆ. ಕ್ರೆಡಿಟ್ ಕಾರ್ಡಿನ ಮಿತಿ 50,000 ಇದ್ದರೆ ಬಳಕೆ 15,000 ದಾಟದಿರಲಿ, ಬಿಲ್ಲನ್ನು ಪೂರ್ತಿ ಕಟ್ಟಿ.

ಆರನೇ ತಿಂಗಳಲ್ಲಿ ಮತ್ತೆ ವರದಿ ತೆಗೆದು, ತಿದ್ದುಪಡಿ ನಿಜವಾಗಿ ಆಗಿದೆಯೇ, ಮುಗಿದ ಸಾಲಗಳು 'ಕ್ಲೋಸ್ಡ್' ಎಂದು ಕಾಣುತ್ತಿವೆಯೇ ನೋಡಿಕೊಳ್ಳಿ. ಆಗಿಲ್ಲವಾದರೆ ಇನ್ನೂ ಒಂದು ತಿಂಗಳು ಕಾಯಿರಿ. ಆಗಿದ್ದರೆ, ಸಂಬಳ ಬರುವ ಖಾತೆ ಇರುವ ಬ್ಯಾಂಕಿನಲ್ಲಿ ಮೊದಲು ವಿಚಾರಿಸಿ, ಒಂದೇ ಒಂದು ಅರ್ಜಿ ಹಾಕಿ. ಹಿಂದಿನ ತಿರಸ್ಕಾರದ ಪತ್ರದಲ್ಲಿದ್ದ ಪ್ರತಿ ಕಾರಣಕ್ಕೂ ಒಂದೊಂದು ದಾಖಲೆ ಆ ಅರ್ಜಿಯ ಜೊತೆಗಿರಲಿ.