ಉರಿಮೂತ್ರಕ್ಕೆ ಒಂದು ಪುಟದ ಮಾರ್ಗಸೂಚಿ

ಉರಿಮೂತ್ರದ ಜೊತೆ ಚಳಿಜ್ವರ, ಬೆನ್ನಿನ ಒಂದು ಮಗ್ಗುಲಲ್ಲಿ ನೋವು. ಇಂಥ ರೋಗಿ ರಾತ್ರಿ ತಾಲೂಕು ಆಸ್ಪತ್ರೆಗೆ ಬಂದರೆ ರೋಗಾಣು ಯಾವುದೆಂದು ಖಚಿತವಾಗಲು ಎರಡು ದಿನ ಬೇಕು. ಔಷಧಿ ಮಾತ್ರ ಆಗಲೇ ಶುರುವಾಗಬೇಕು. ಊಹೆಯ ಮೇಲೆ ಕೊಡುವ ಆ ಮೊದಲ ಆಂಟಿಬಯೋಟಿಕ್ ಪಾಳಿಯ ವೈದ್ಯರು ಬದಲಾದಂತೆ ಬದಲಾಗದಿರಲೆಂದೇ ಒಂದು ಪುಟದ ಮಾರ್ಗಸೂಚಿ.

ಪುಟದ ಮೊದಲ ಪ್ರಶ್ನೆ: ಸೋಂಕು ಮೂತ್ರಕೋಶದಲ್ಲಷ್ಟೇ ಇದೆಯೋ, ಮೂತ್ರಪಿಂಡಕ್ಕೂ ಏರಿದೆಯೋ? ಜ್ವರವಿಲ್ಲದೆ ಬರೀ ಉರಿ, ಪದೇ ಪದೇ ಮೂತ್ರವಿದ್ದರೆ ನೈಟ್ರೊಫ್ಯುರಾಂಟಾಯಿನ್ 100 ಮಿ.ಗ್ರಾಂ. ದಿನಕ್ಕೆರಡು ಬಾರಿ, 5 ದಿನ. ಮೂತ್ರಪಿಂಡ ತೀರಾ ದುರ್ಬಲವಾದವರಿಗೂ ಹೆರಿಗೆ ಹತ್ತಿರವಾದ ಗರ್ಭಿಣಿಯರಿಗೂ ಇದು ಸಲ್ಲದು. ಜ್ವರ, ಮಗ್ಗುಲುನೋವು ಇದ್ದರೆ ದಾರಿಯೇ ಬೇರೆ. ಭಾರತದಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಸಿಪ್ರೊಫ್ಲಾಕ್ಸಾಸಿನ್‌ಗೆ ಬಹುಪಾಲು ಬಗ್ಗದಂತಾಗಿದೆ. ಹಾಗಾಗಿ ಆ ಹಳೆಯ ರೂಢಿಯ ಮಾತ್ರೆ ಊಹೆಯ ಚಿಕಿತ್ಸೆಗೆ ಒದಗುವುದಿಲ್ಲ.

ಒಂದು ಉದಾಹರಣೆ ನೋಡೋಣ. 56 ವರ್ಷದ ಮಹಿಳೆ, ಸಕ್ಕರೆ ಕಾಯಿಲೆ, 60 ಕೆ.ಜಿ. ತೂಕ, 102 ಡಿಗ್ರಿ ಜ್ವರ. ರಕ್ತದೊತ್ತಡ ಸರಿಯಿದೆ, ಕ್ರಿಯಾಟಿನಿನ್ ಕೂಡ ಸಹಜ. ಪುಟ ಹೇಳುವುದು ಅಮಿಕಾಸಿನ್, ಕೆ.ಜಿ.ಗೆ 15 ಮಿ.ಗ್ರಾಂ. ಲೆಕ್ಕದಲ್ಲಿ 900, ದಿನಕ್ಕೊಮ್ಮೆ. ಆದರೆ ಚುಚ್ಚುಮದ್ದಿಗೆ ಮುಂಚೆ ಮೂತ್ರದ ಕಲ್ಚರ್ ಹೋಗಬೇಕು. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿದು, ಎರಡು ಗಂಟೆಯೊಳಗೆ ಲ್ಯಾಬ್‌ಗೆ ತಲುಪಿಸಬೇಕು, ತಡವಾಗುವುದಾದರೆ ಫ್ರಿಜ್‌ನಲ್ಲಿಡಬೇಕು. ಹೊರಗೇ ಉಳಿದ ಬಾಟಲಿಯಲ್ಲಿ ಚರ್ಮದ ಬ್ಯಾಕ್ಟೀರಿಯಾಗಳೇ ಬೆಳೆದು, ಮೂರ್ನಾಲ್ಕು ಬಗೆ ಬೆರೆತ ವರದಿ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

48 ಗಂಟೆಗೆ ವರದಿ ಬಂತೆನ್ನಿ: ಇ. ಕೋಲೈ; ಸಿಪ್ರೊಫ್ಲಾಕ್ಸಾಸಿನ್, ಸೆಫ್ಟ್ರಿಯಾಕ್ಸೋನ್ ನಾಟುವುದಿಲ್ಲ; ಅಮಿಕಾಸಿನ್, ಕೋಟ್ರಿಮಾಕ್ಸಜೋಲ್, ನೈಟ್ರೊಫ್ಯುರಾಂಟಾಯಿನ್ ನಾಟುತ್ತವೆ. ಜ್ವರ ಇಳಿದಿದೆ, ರೋಗಿ ಊಟ ಮಾಡುತ್ತಿದ್ದಾರೆ, ಮಾತ್ರೆಗೆ ಬದಲಾಯಿಸಬಹುದು. ಎಡವುವುದು ಇಲ್ಲೇ. ನೈಟ್ರೊಫ್ಯುರಾಂಟಾಯಿನ್ ಮೂತ್ರದಲ್ಲಿ ಸೇರಿಕೊಳ್ಳುತ್ತದೆ, ಮೂತ್ರಪಿಂಡದ ಅಂಗಾಂಶದಲ್ಲಿ ಸಾಕಷ್ಟು ನಿಲ್ಲುವುದಿಲ್ಲ. ವರದಿ ‘ನಾಟುತ್ತದೆ’ ಎಂದರೂ ಇವರಿಗೆ ಅದು ಆಗದು. ಇವರಿಗೆ ಸರಿಹೊಂದುವುದು ಕೋಟ್ರಿಮಾಕ್ಸಜೋಲ್. ಪೊಟ್ಯಾಸಿಯಂ ಮೇಲೆ ಕಣ್ಣಿಟ್ಟು, ಎಲ್ಲ ಸೇರಿ ಸುಮಾರು 7 ದಿನ. ಈ ಎಚ್ಚರಿಕೆ ಪುಟದಲ್ಲಿ ದಪ್ಪಕ್ಷರದಲ್ಲಿರಬೇಕು.

ನಾಟುವ ಔಷಧಿಯನ್ನೇ ಕೊಟ್ಟೂ 72 ಗಂಟೆಗೆ ಜ್ವರ ಇಳಿಯದಿದ್ದರೆ ಆಂಟಿಬಯೋಟಿಕ್ ಏರಿಸುವ ಮೊದಲು ಅಲ್ಟ್ರಾಸೌಂಡ್ ಬೇಕು: ಕಲ್ಲು ಅಡ್ಡ ಕೂತಿರಬಹುದು, ಕೀವು ಕಟ್ಟಿರಬಹುದು. ಆಗ ರೋಗಿಯನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕಾಗುತ್ತದೆ.

ಪುಟವನ್ನು ವರ್ಷಕ್ಕೊಮ್ಮೆ ಸ್ವಂತ ಕಲ್ಚರ್‌ಗಳ ಲೆಕ್ಕ ಹಿಡಿದು ತಿದ್ದಬೇಕು. ಒಂದು ಬ್ಯಾಕ್ಟೀರಿಯಾದ ಕನಿಷ್ಠ 30 ರೋಗಿಗಳ ಮಾದರಿಯಾದರೂ ಇಲ್ಲದೆ ಶೇಕಡಾವಾರು ನಂಬುವಂತಿಲ್ಲ. ಸಾಲದಿದ್ದರೆ ಎರಡು ವರ್ಷದ ಲೆಕ್ಕ ಕೂಡಿಸಬೇಕು. ಚಿಕಿತ್ಸೆ ಸೋತವರ ಮೂತ್ರವನ್ನಷ್ಟೇ ಕಲ್ಚರ್‌ಗೆ ಕಳಿಸುವ ಆಸ್ಪತ್ರೆಯಲ್ಲಿ ಪ್ರತಿರೋಧ ಇರುವುದಕ್ಕಿಂತ ಹೆಚ್ಚಾಗಿ ಕಂಡು, ವೈದ್ಯರು ಬೇಕಿಲ್ಲದೆಯೇ ಪ್ರಬಲ ಔಷಧಿಗೆ ಕೈಹಾಕುತ್ತಾರೆ. ಆದ್ದರಿಂದ ಕೆಲವು ತಿಂಗಳಾದರೂ ಹೊರರೋಗಿ ವಿಭಾಗಕ್ಕೆ ಬರೀ ಉರಿಮೂತ್ರವೆಂದು ಬಂದವರ ಮಾದರಿಗಳನ್ನೂ ಕಳಿಸಿ, ಎರಡು ಗುಂಪನ್ನೂ ಬೇರೆಬೇರೆಯಾಗಿ ಎಣಿಸಬೇಕು.