ನಕಲಿ ಬ್ಯಾಂಕ್ ಅಧಿಕಾರಿಗಳ ದೂರವಾಣಿ ಕರೆ: ಗುರುತಿಸುವ ಹಾಗೂ ಪ್ರತಿಕ್ರಿಯಿಸುವ ಕ್ರಮ

ವೃದ್ಧಾಪ್ಯ ವೇತನದ ಫಲಾನುಭವಿಯೊಬ್ಬರಿಗೆ ಕರೆ ಬರುತ್ತದೆ ಎಂದು ಭಾವಿಸೋಣ. ಕರೆ ಮಾಡಿದವನು ತಾನು ಬ್ಯಾಂಕ್ ಅಧಿಕಾರಿಯೆಂದೂ, ಕೆವೈಸಿ ಅವಧಿ ಮುಗಿದಿರುವುದರಿಂದ ಸಂಜೆಯೊಳಗೆ ಖಾತೆ ಸ್ಥಗಿತಗೊಳ್ಳುವುದೆಂದೂ ತಿಳಿಸುತ್ತಾನೆ. ಫಲಾನುಭವಿಯ ಹೆಸರು, ಊರು ಹಾಗೂ ಖಾತೆಯ ಕೊನೆಯ ಅಂಕಿಗಳನ್ನೂ ಹೇಳುತ್ತಾನೆ. ಇಂತಹ ವಿವರಗಳು ಅನ್ಯರಿಗೂ ದೊರೆಯಬಹುದಾದ್ದರಿಂದ ಅವು ಕರೆಯ ನೈಜತೆಗೆ ಸಾಕ್ಷಿಯಲ್ಲ.

ಬಳಿಕ ಮೊಬೈಲಿಗೆ ಬಂದ ಒಟಿಪಿಯನ್ನು ಓದಿ ಹೇಳುವಂತೆ ಅವಸರಪಡಿಸುತ್ತಾನೆ. ವಂಚನೆಯ ಸ್ಪಷ್ಟ ಗುರುತು ಇದೇ. ಯಾವುದೇ ಬ್ಯಾಂಕಿನ ಸಿಬ್ಬಂದಿ ಒಟಿಪಿ, ಪಿನ್ ಅಥವಾ ಸಿವಿವಿ ಸಂಖ್ಯೆಯನ್ನು ಕೇಳುವುದಿಲ್ಲ. ಸಂದೇಶವನ್ನು ಪೂರ್ತಿ ಓದಿದಲ್ಲಿ, ಅದು ಕೆವೈಸಿಗೆ ಸಂಬಂಧಿಸಿದ್ದಲ್ಲ, ಹಣ ಪಾವತಿಗೆ ಬಂದಿರುವುದು ಎಂಬುದು ಸಾಮಾನ್ಯವಾಗಿ ಅದರಲ್ಲಿಯೇ ಕಂಡುಬರುತ್ತದೆ.

ಇಂತಹ ಸಂದರ್ಭದಲ್ಲಿ ವಾದಕ್ಕಿಳಿಯದೆ ಕರೆಯನ್ನು ಕಡಿತಗೊಳಿಸತಕ್ಕದ್ದು. ಅದೇ ಸಂಖ್ಯೆಗೆ ಮರಳಿ ಕರೆ ಮಾಡದೆ, ಎಟಿಎಂ ಕಾರ್ಡಿನ ಹಿಂಬದಿಯಲ್ಲಿರುವ ಸಂಖ್ಯೆಗೆ ಕರೆ ಮಾಡಿ ಅಥವಾ ಶಾಖೆಗೆ ಖುದ್ದಾಗಿ ತೆರಳಿ ವಿಚಾರಿಸತಕ್ಕದ್ದು.

ಒಟಿಪಿ ತಿಳಿಸಿ ಹಣ ಕಡಿತವಾಗಿದ್ದಲ್ಲಿ, ತಕ್ಷಣವೇ 1930 ಸಹಾಯವಾಣಿಗೆ ಹಾಗೂ ಬ್ಯಾಂಕಿಗೆ ತಿಳಿಸಬೇಕು. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಶೀಘ್ರವಾಗಿ ವರ್ಗಾಯಿಸುತ್ತಾರೆ. ಅದು ನಗದಾಗುವ ಮುನ್ನವಷ್ಟೇ ತಡೆಹಿಡಿಯಲು ಸಾಧ್ಯ. cybercrime.gov.in ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಒಟಿಪಿ ನೀಡಿದ್ದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದ್ದು. ಆದುದರಿಂದ ಸಂಕೋಚದಿಂದ ಸುಮ್ಮನಿರುವ ಫಲಾನುಭವಿಗಳಿಂದ ಸದಸ್ಯರು ಅಂದೇ ದೂರು ಕೊಡಿಸುವುದು.